ಚರವು ಬದಲಾದಾಗ

ಸಾಯಂಕಾಲ ತರಗತಿಗಳೆಲ್ಲ ಮುಗಿದ ಮೇಲೆ ಕಾಲೇಜಿನ ಗಣಿತ ವಿಭಾಗದ ಕೊಠಡಿಯಲ್ಲಿ ಇಬ್ಬರು ಅಧ್ಯಾಪಕರು ಕುಳಿತಿದ್ದಾರೆ. ಒಬ್ಬರು ನಿವೃತ್ತಿಗೆ ಸಮೀಪಿಸಿದ ಹಿರಿಯರು; ಇನ್ನೊಬ್ಬನು ಅವರ ಬಳಿಯಲ್ಲಿಯೇ ಓದಿ ಈಗ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ಕಿರಿಯ. ಮೇಜಿನ ಮೇಲೆ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳು ಬಿಡಿಸಿದ ಅಭ್ಯಾಸಪತ್ರಗಳ ಕಟ್ಟೊಂದಿದೆ. ವಿಷಯ: ಆದೇಶ ವಿಧಾನದಿಂದ ನಿಶ್ಚಿತ ಅನುಕಲಗಳ ಬೆಲೆಯನ್ನು ಕಂಡುಹಿಡಿಯುವುದು.

ಕಿರಿಯ: ಗುರುಗಳೇ, ವಿಭಾಗದಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಅಭ್ಯಾಸಪತ್ರವನ್ನೇ ಈ ಸಲವೂ ಕೊಟ್ಟೆವು. ಮೊದಲಿನ ಎರಡು ಲೆಕ್ಕಗಳನ್ನು ಹೆಚ್ಚುಕಡಮೆ ಎಲ್ಲರೂ ಸರಿಯಾಗಿ ಬಿಡಿಸಿದ್ದಾರೆ. ಮೂರನೆಯದಕ್ಕೆ ಬಂದೊಡನೆ ಒಬ್ಬೊಬ್ಬರದು ಒಂದೊಂದು ಉತ್ತರ. ವಿಧಾನವು ಮೂರಕ್ಕೂ ಒಂದೇ. ಮೂರನೆಯದು ಉಳಿದೆರಡಕ್ಕಿಂತ ಕಠಿನವೆಂದೂ ನನಗೆ ತೋರದು. ಕಾರಣವೇನಿರಬಹುದು?

ಹಿರಿಯರು: ಲೆಕ್ಕಗಳನ್ನು ಓದು, ಕೇಳೋಣ.

ಕಿರಿಯ: ಮೊದಲನೆಯದು ∫₀¹ x e^(x²) dx; ಇಲ್ಲಿ u = x² ಎಂದು ಆದೇಶಿಸಬೇಕು. ಎರಡನೆಯದು ∫₀³ √(x+1) dx; ಇದರಲ್ಲಿ u = x + 1. ಮೂರನೆಯದು ∫₀¹ x(x²+1)³ dx; ಇದರಲ್ಲಿ u = x² + 1.

ಹಿರಿಯರು: ಕಾರಣವು ಲೆಕ್ಕಗಳಲ್ಲಿಯೇ ಅಡಗಿದೆ. ಮೊದಲನೆಯದರ ಮಿತಿಗಳು 0 ಮತ್ತು 1. ಇವುಗಳ ವರ್ಗವೂ 0 ಮತ್ತು 1 ಆಗಿರುವುದರಿಂದ, ಮಿತಿಗಳನ್ನು ಬದಲಿಸಿದವನಿಗೂ ಬದಲಿಸಲು ಮರೆತವನಿಗೂ ದೊರೆಯುವ ಉತ್ತರ ಒಂದೇ. ಅಲ್ಲಿ ಎಚ್ಚರ ಬೇಕಾದುದು ಅವಕಲಾಂಶದ ವಿಷಯದಲ್ಲಿ ಮಾತ್ರ: du = 2x dx ಆದುದರಿಂದ x dx ಎಂಬುದು ½ du ಆಗಬೇಕು. ಎರಡನೆಯದರಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ du = dx; ಅವಕಲಾಂಶದ ಕಡೆಗೆ ಕಣ್ಣೆತ್ತಿ ನೋಡದೆ dx ಎಂಬುದನ್ನು ಅಳಿಸಿ du ಎಂದು ಬರೆದವನಿಗೂ ನಷ್ಟವಿಲ್ಲ; 0 ಮತ್ತು 3 ಎಂಬ ಮಿತಿಗಳು 1 ಮತ್ತು 4 ಆಗಬೇಕೆಂಬುದೊಂದನ್ನು ನೆನಪಿಟ್ಟರೆ ಸಾಕು. ಒಂದೊಂದು ಲೆಕ್ಕವೂ ಒಂದೊಂದನ್ನೇ ಕೇಳಿತು, ಮಕ್ಕಳು ಆ ಒಂದೊಂದನ್ನೇ ಕೊಟ್ಟರು. ಮೂರನೆಯದು ಎರಡನ್ನೂ ಕೂಡಿ ಕೇಳಿದಾಗ, ಒಂದನ್ನು ಹಿಡಿದುಕೊಂಡು ಮತ್ತೊಂದನ್ನು ಕೈಬಿಟ್ಟರು.

ಕಿರಿಯ: ಹಾಗಾದರೆ ಮೊದಲಿನ ಎರಡು ಲೆಕ್ಕಗಳಿಂದ ಪ್ರಯೋಜನವಿಲ್ಲವೆನ್ನುತ್ತೀರಾ?

ಹಿರಿಯರು: ಪ್ರಯೋಜನ ಉಂಟು; ಆದರೆ ಅವುಗಳನ್ನು ಸರಿಯಾಗಿ ಬಿಡಿಸಿದವನು ವಿಧಾನವನ್ನು ತಿಳಿದನೆಂದು ನಾವು ನಿರ್ಣಯಿಸಲಾಗದು. ಪ್ರಶ್ನೆಯು ತಪ್ಪನ್ನು ಮರೆಮಾಡುವಂತಿದ್ದರೆ ಸರಿಯುತ್ತರವು ಯಾವುದಕ್ಕೂ ಸಾಕ್ಷಿಯಾಗಲಾರದು. ಇರಲಿ, ಮೂರನೆಯದಕ್ಕೆ ಬಂದಿರುವ ಉತ್ತರಗಳನ್ನು ಹೇಳು.

ಕಿರಿಯ: ಸರಿಯಾದುದು 15/8. ಚರವನ್ನು ಬದಲಿಸಿದೊಡನೆ ಅನುಕಲವು ½∫₁² u³ du ಆಗುತ್ತದೆ. u³ ಎಂಬುದರ ಅನುಕಲ u⁴/4. ಮಿತಿಗಳನ್ನಿಟ್ಟರೆ ½ × (16 − 1)/4, ಎಂದರೆ 15/8. ಆದರೆ ಕೆಲವರು 15/4 ಎಂದೂ, ಕೆಲವರು 1/8 ಎಂದೂ, ಕೆಲವರು 1/4 ಎಂದೂ ಬರೆದಿದ್ದಾರೆ. ಒಂದಿಬ್ಬರ ಉತ್ತರವಂತೂ 609/8. ಅದು 76ಕ್ಕೂ ಮಿಕ್ಕಿದುದು. ಮತ್ತೆ ಒಬ್ಬ ಹುಡುಗಿ 15x/4 ಎಂದು ಬರೆದು ನಿಲ್ಲಿಸಿದ್ದಾಳೆ.

ಹಿರಿಯರು: ಒಂದೊಂದು ತಪ್ಪಿಗೂ ಒಂದೊಂದು ಉತ್ತರ ಬರುತ್ತಿದೆಯಲ್ಲವೆ, ಆ ದೃಷ್ಟಿಯಿಂದ ಇದು ಬಹು ಒಳ್ಳೆಯ ಲೆಕ್ಕ. ಉತ್ತರವನ್ನು ನೋಡಿದ ಮಾತ್ರಕ್ಕೆ ಎಲ್ಲಿ ಎಡವಿದರೆಂಬುದನ್ನು ಹೇಳಬಹುದು. 15/4 ಎಂದು ಬರೆದವನು ಮಿತಿಗಳನ್ನು ಬದಲಿಸಿದನು, ಅವಕಲಾಂಶವನ್ನು ಬದಲಿಸಲಿಲ್ಲ. ಅರ್ಧವೆಂಬ ಗುಣಕವು ಕಳೆದುಹೋಯಿತು. 1/8 ಎಂದವನು ಅವಕಲಾಂಶವನ್ನು ಸರಿಪಡಿಸಿದನು, ಮಿತಿಗಳನ್ನು ಹಾಗೆಯೇ ಬಿಟ್ಟನು. 1/4 ಎಂದವನು ಎರಡನ್ನೂ ಬಿಟ್ಟನು. 609/8 ಬಂದುದು ಹೇಗೆಂದು ನೀನೇ ಹೇಳು.

ಕಿರಿಯ: ಹಾಳೆಯನ್ನು ನೋಡಿದೆ. ಮಿತಿಗಳನ್ನು 1 ಮತ್ತು 2 ಎಂದು ಸರಿಯಾಗಿಯೇ ಬದಲಿಸಿದ್ದಾರೆ. ಅನುಕಲನವಾದ ಮೇಲೆ u ಇದ್ದ ಕಡೆ ಮತ್ತೆ x² + 1 ಎಂದು ಬರೆದು, ಆ x ಎಂಬುದಕ್ಕೆ 1 ಮತ್ತು 2 ಎಂಬ ಹೊಸ ಮಿತಿಗಳನ್ನು ಇಟ್ಟಿದ್ದಾರೆ. ಆಗ (5⁴ − 2⁴)/8, ಎಂದರೆ (625 − 16)/8 ಆಗುತ್ತದೆ.

ಹಿರಿಯರು: ಸರಿ. ಚರವು ತನ್ನ ಮನೆಗೆ ಹಿಂದಿರುಗಿತು, ಮಿತಿಗಳು ಹಿಂದಿರುಗಲಿಲ್ಲ. ಆ 609/8 ಎಂಬುದು ಅರ್ಥವಿಲ್ಲದ ಸಂಖ್ಯೆಯೇನೂ ಅಲ್ಲ; ಅದೇ ಉತ್ಪನ್ನವನ್ನು x = 1 ರಿಂದ x = 2 ರ ವರೆಗೆ ಅನುಕಲಿಸಿದರೆ ದೊರೆಯುವ ಬೆಲೆ ಅದು. ನಾವು ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೊಂದು ಪ್ರಶ್ನೆಗೆ ಸರಿಯುತ್ತರ ಕೊಟ್ಟಂತಾಯಿತು. ಹಾಗೆಯೇ 1/8 ಎಂಬ ಉತ್ತರವನ್ನೂ ನೋಡು. ಅಲ್ಲಿ u ಎಂಬುದು 0 ಯಿಂದ 1 ರ ವರೆಗೆ ಸಾಗಿದೆಯೆಂದು ವಿದ್ಯಾರ್ಥಿಯು ಬರೆದಿದ್ದಾನೆ. ಆದರೆ u = x² + 1; x ವಾಸ್ತವ ಸಂಖ್ಯೆಯಾಗಿರುವವರೆಗೆ u ಎಂಬುದು 1 ಕ್ಕಿಂತ ಕೆಳಗೆ ಇಳಿಯಲಾರದು. ಎಂದಮೇಲೆ ಕೆಳಮಿತಿಯು ಸೊನ್ನೆಯೆಂದು ಬರೆದ ಕ್ಷಣದಲ್ಲಿಯೇ ಆ ಸಾಲು ತನ್ನ ತಪ್ಪನ್ನು ತಾನೇ ಸಾರುತ್ತಿದೆ. ‘ಈ ಹೊಸ ಚರವು ಈ ಬೆಲೆಯನ್ನು ಎಂದಾದರೂ ಮುಟ್ಟಬಲ್ಲುದೆ?’ ಎಂದು ಕೇಳಿಕೊಂಡರೆ ಸಾಕು.

ಕಿರಿಯ: ಆ ಹುಡುಗಿಯ 15x/4?

ಹಿರಿಯರು: ಅವಳು dx ಇದ್ದ ಕಡೆ du ಬರೆದಳು, ಹೊರಗಿದ್ದ x ಹಾಗೆಯೇ ಉಳಿಯಿತು, ಒಂದೇ ಅನುಕಲದೊಳಗೆ x ಕೂಡ ಇದೆ, u ಕೂಡ ಇದೆ. ಆ x ಎಂಬುದನ್ನು ಸ್ಥಿರಾಂಕವೆಂದು ಬಗೆದು ಹೊರಕ್ಕೆ ತೆಗೆದಳು. ನಿಶ್ಚಿತ ಅನುಕಲವು ಒಂದು ಸಂಖ್ಯೆ; ಉತ್ತರದಲ್ಲಿ ಚರವು ಉಳಿದಿದ್ದರೆ ಅದು ಉತ್ತರವೇ ಅಲ್ಲ. ಅವಳಿಗೆ ಹೇಳಬೇಕಾದ ನಿಯಮ ಒಂದೇ: ಎರಡು ಚರಗಳೂ ಕಾಣಿಸಿಕೊಂಡಿರುವ ಅನುಕಲವನ್ನು ಮುಟ್ಟಕೂಡದು; ಹಳೆಯ ಚರವು ಸಂಪೂರ್ಣವಾಗಿ ಹೊರಟುಹೋದ ಬಳಿಕವೇ ಅನುಕಲನಕ್ಕೆ ತೊಡಗಬೇಕು.

ಕಿರಿಯ: ಇವೆಲ್ಲ ನಿಯಮಗಳಾಗಿ ಹೇಳಲು ಸುಲಭವೇ. ಆದರೆ ಮಕ್ಕಳು ‘dx ಎಂಬುದು ಕೊನೆಯಲ್ಲಿ ಬರೆಯಬೇಕಾದ ಒಂದು ಗುರುತು, ಅದಕ್ಕೆ ಇಷ್ಟು ಗೌರವವೇಕೆ?’ ಎಂದು ಕೇಳುತ್ತಾರೆ. ಅವರಿಗೆ ಏನೆಂದು ಸಮಾಧಾನ ಹೇಳಲಿ?

ಹಿರಿಯರು: ಅವರ ಪ್ರಶ್ನೆಯು ನ್ಯಾಯವಾದುದು. ಆ ಗುರುತನ್ನು ಮೊದಲು ಬರೆದ ಲೈಬ್ನಿಟ್ಸನಿಗೆ ಅದು ಅಲಂಕಾರವಾಗಿರಲಿಲ್ಲ. 1675ರಲ್ಲಿ ಅವನು ಉದ್ದವಾಗಿ ಎಳೆದ S ಅಕ್ಷರವನ್ನು ‘ಮೊತ್ತ’ ಎಂಬ ಅರ್ಥದಲ್ಲಿ ಬಳಸತೊಡಗಿದನು. ಯಾವುದರ ಮೊತ್ತವೆಂದರೆ, ಎತ್ತರ ಮತ್ತು ಅತ್ಯಲ್ಪ ಅಗಲ ಇವುಗಳ ಗುಣಲಬ್ಧಗಳ ಮೊತ್ತ. ಆ ಅಗಲವೇ dx. ಮಿತಿಗಳನ್ನು ಆ ಚಿಹ್ನೆಯ ಕೆಳಗೂ ಮೇಲೂ ಬರೆಯುವ ಕ್ರಮವಾದರೋ ಬಹುಕಾಲದ ಅನಂತರ ಬಂದುದು. ಅದನ್ನು ಬಳಕೆಗೆ ತಂದವನು ಫೂರಿಯೇ. ಶಾಖವನ್ನು ಕುರಿತು ಅವನು 1822ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಎಲ್ಲೆಡೆಯೂ ಹರಡಿತು. ಅಗಲದ ಗುರುತು ಒಬ್ಬನ ಕೈಯಿಂದ, ಮಿತಿಗಳ ಸ್ಥಾನ ಮತ್ತೊಬ್ಬನ ಕೈಯಿಂದ, ನೂರೈವತ್ತು ವರ್ಷಗಳಷ್ಟು ಅಂತರದಲ್ಲಿ ಬಂದುವು; ಆದರೂ ಇವೆರಡು ಹೇಳುವುದು ಒಂದೇ ಸಂಗತಿಯನ್ನು. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮಿತಿಗಳು ಹೇಳುತ್ತವೆ. ಆ ನಡುವಣ ದೂರವನ್ನು ಯಾವ ಅಳತೆಯ ಚೂರುಗಳಾಗಿ ಕತ್ತರಿಸಿದೆವೆಂಬುದನ್ನು ಅವಕಲಾಂಶವು ಹೇಳುತ್ತದೆ. ರಸ್ತೆಯ ಬದಿಯ ಮೈಲಿಗಲ್ಲುಗಳನ್ನು ಕಿತ್ತು ಕಿಲೋಮೀಟರಿನ ಕಲ್ಲುಗಳನ್ನು ನೆಟ್ಟರೆ, ಎರಡು ಊರುಗಳ ಕಲ್ಲುಗಳ ಮೇಲಿನ ಸಂಖ್ಯೆಗಳೂ ಬದಲಾಗುತ್ತವೆ, ಕಲ್ಲಿಗೂ ಕಲ್ಲಿಗೂ ನಡುವಣ ದೂರವೂ ಬದಲಾಗುತ್ತದೆ. ಒಂದನ್ನು ಬದಲಿಸಿ ಮತ್ತೊಂದನ್ನು ಹಳೆಯ ಲೆಕ್ಕದಲ್ಲಿಯೇ ಓದುವವನಿಗೆ ದಾರಿಯ ಉದ್ದ ತಪ್ಪಾಗಿಯೇ ತೋರುವುದು.

ಕಿರಿಯ: ಕಲ್ಲುಗಳ ನಡುವಣ ದೂರವಾದರೆ ಎಲ್ಲೆಲ್ಲಿಯೂ ಸಮ. u = x² + 1 ಎಂಬಲ್ಲಿ ಹಾಗಲ್ಲವಲ್ಲ?

ಹಿರಿಯರು: ಅಲ್ಲ, ಉಪಮಾನವು ಅಲ್ಲಿಗೇ ನಿಲ್ಲುತ್ತದೆ. ಇನ್ನು ಮುಂದೆ ಸಂಖ್ಯೆಗಳನ್ನೇ ನೋಡಬೇಕು. ಕರಿಹಲಗೆಯ ಮೇಲೆ ಎರಡು ರೇಖೆಗಳನ್ನು ಎಳೆ. ಮೇಲಿನದು x ರೇಖೆ, 0 ಯಿಂದ 1 ರ ವರೆಗೆ. ಅದನ್ನು ಸರಿಯಾಗಿ ನಡುವೆ, 1/2 ರಲ್ಲಿ, ಎರಡು ಪಾಲು ಮಾಡು. ಕೆಳಗಿನದು u ರೇಖೆ. x = 0 ಆದಾಗ u = 1; x = 1/2 ಆದಾಗ u = 5/4; x = 1 ಆದಾಗ u = 2. ಮೇಲೆ ಎರಡು ಪಾಲುಗಳೂ ಅರ್ಧ ಅರ್ಧ. ಕೆಳಗೆ ಮೊದಲನೆಯ ಪಾಲು 1/4, ಎರಡನೆಯ ಪಾಲು 3/4. ಒಂದೇ ಅಗಲದ ಎರಡು ಪಟ್ಟಿಗಳು ಹೊಸ ಚರದಲ್ಲಿ ಒಂದಕ್ಕೊಂದು ಮೂರರಷ್ಟು ಭಿನ್ನವಾದ ಅಗಲವನ್ನು ತಾಳಿದುವು. ಏಕೆ? du = 2x dx. ಮೊದಲನೆಯ ಪಾಲಿನಲ್ಲಿ 2x ಎಂಬುದು 0 ಯಿಂದ 1 ರ ವರೆಗೆ ಏರುತ್ತದೆ, ಸರಾಸರಿ 1/2. ಅಗಲವಾದ ಅರ್ಧದಿಂದ ಗುಣಿಸಿದರೆ 1/4. ಎರಡನೆಯದರಲ್ಲಿ 1 ರಿಂದ 2 ರ ವರೆಗೆ ಏರುತ್ತದೆ, ಸರಾಸರಿ 3/2, ಗುಣಲಬ್ಧ 3/4. ಇವೆರಡನ್ನೂ ಕೂಡಿಸಿದರೆ 1; ಅದು ಹೊಸ ಮಿತಿಗಳಾದ 1 ಮತ್ತು 2 ಇವುಗಳ ಅಂತರವೇ. ಅವಕಲಾಂಶವನ್ನು ಬದಲಿಸುವುದು ಚೂರುಚೂರಾಗಿ ಮಾಡಿದ ಕೆಲಸ, ಮಿತಿಗಳನ್ನು ಬದಲಿಸುವುದು ಆ ಚೂರುಗಳನ್ನೆಲ್ಲ ಕೂಡಿಸಿದಾಗ ಕಾಣುವ ಕೆಲಸ. ಮೂಲತಃ ಎರಡೂ ಒಂದೇ ಕ್ರಿಯೆ.

ಕಿರಿಯ: ಇದನ್ನು ಹಲಗೆಯ ಮೇಲೆ ತೋರಿಸಿದರೆ ಮಕ್ಕಳಿಗೆ ಮನವರಿಕೆಯಾದೀತು. ಆದರೆ ಪರೀಕ್ಷೆಯ ಕೊಠಡಿಯಲ್ಲಿ ಒಂಟಿಯಾಗಿ ಕುಳಿತವನು, ತನ್ನ ಉತ್ತರ ಸರಿಯೋ ತಪ್ಪೋ ಎಂಬುದನ್ನು ಹೇಗೆ ತಿಳಿಯಬೇಕು? ಅವನ ಬಳಿ ಉತ್ತರಗಳ ಪಟ್ಟಿಯಿರುವುದಿಲ್ಲವಷ್ಟೆ.

ಹಿರಿಯರು: ಹಳೆಯ ಚರದಲ್ಲಿಯೇ ಒಂದು ಅಂದಾಜನ್ನು ಮಾಡಿಕೊಳ್ಳಬೇಕು. 0 ಯಿಂದ 1 ರ ವರೆಗಿನ ಅಂತರಾಳದಲ್ಲಿ (x²+1)³ ಎಂಬುದು 1 ಕ್ಕಿಂತ ಕಡಮೆಯಾಗದು, 8 ಕ್ಕಿಂತ ಹೆಚ್ಚಾಗದು. ಆದುದರಿಂದ ನಮ್ಮ ಉತ್ಪನ್ನವು x ಎಂಬುದಕ್ಕೂ 8x ಎಂಬುದಕ್ಕೂ ನಡುವೆ ಇರುತ್ತದೆ. ಅನುಕಲವು 1/2 ಕ್ಕೂ 4 ಕ್ಕೂ ನಡುವೆ ಬರಬೇಕು. ಇಷ್ಟರಿಂದಲೇ 1/8, 1/4, 609/8 ಎಂಬ ಮೂರು ಉತ್ತರಗಳೂ ಬಿದ್ದುಹೋಗುತ್ತವೆ.

ಕಿರಿಯ: 15/4 ಉಳಿಯಿತು. ಅದು 3.75, ನಾಲ್ಕಕ್ಕಿಂತ ಕಡಮೆಯೇ.

ಹಿರಿಯರು: ಉಳಿಯಿತು, ಅದಕ್ಕೆ ಇನ್ನೊಂದು ಹೆಜ್ಜೆ ಬೇಕು. ನಡುಬಿಂದುವಿನಲ್ಲಿ ಉತ್ಪನ್ನದ ಬೆಲೆ ಎಷ್ಟು? ಅರ್ಧವನ್ನು 5/4 ರ ಘನದಿಂದ ಗುಣಿಸಿದರೆ 125/128. ಒಂದಕ್ಕಿಂತ ಒಂದಿಷ್ಟು ಕಡಮೆ, ಒಂದೆಂದೇ ಇಟ್ಟುಕೊಳ್ಳೋಣ. ಈ ವಕ್ರರೇಖೆಯು ಬಲಕ್ಕೆ ಹೋದಷ್ಟೂ ಕಡಿದಾಗಿ ಏರುತ್ತದೆ. ಆದುದರಿಂದ ಅದರ ಮೇಲಿನ ಯಾವುದೇ ಎರಡು ಬಿಂದುಗಳನ್ನು ಕೂಡಿಸುವ ಸರಳರೇಖೆಯ ಕೆಳಗೇ ಅದು ತೂಗುತ್ತದೆ. ಮೊದಲ ಅರ್ಧದಲ್ಲಿ ಎತ್ತರವು 0 ಯಿಂದ 1 ಕ್ಕೆ ಏರಿತು. ಆ ತ್ರಿಭುಜದ ವಿಸ್ತೀರ್ಣ 1/4. ಎರಡನೆಯ ಅರ್ಧದಲ್ಲಿ 1 ರಿಂದ 8 ಕ್ಕೆ ಏರಿತು. ಆ ತ್ರಾಪಿಜ್ಯದ ವಿಸ್ತೀರ್ಣ 9/4. ಒಟ್ಟು 2.5. ನಿಜವಾದ ವಿಸ್ತೀರ್ಣವು ಇದಕ್ಕಿಂತ ಕಡಮೆಯೇ ಇರಬೇಕು, 3.75 ಆಗಲಾರದು. 15/8 ಎಂದರೆ 1.875, ಅದು ಈ ಮೇರೆಯೊಳಗೆ ನಿರಾತಂಕವಾಗಿ ನಿಲ್ಲುತ್ತದೆ.

ಕಿರಿಯ: ಎಲ್ಲ ತಪ್ಪುಗಳೂ ಹೊರಬಿದ್ದುವು. ಇನ್ನೂ ಖಚಿತವಾಗಬೇಕಾದರೆ ಘನವನ್ನು ವಿಸ್ತರಿಸಬಹುದಲ್ಲವೆ? x + 3x³ + 3x⁵ + x⁷. ಇದನ್ನು 0 ಯಿಂದ 1 ರ ವರೆಗೆ ಅನುಕಲಿಸಿದರೆ 1/2 + 3/4 + 1/2 + 1/8. ಕೂಡಿಸಿದರೆ 15/8.

ಹಿರಿಯರು: ಆಗಬಹುದು, ಆದೇಶವಿಲ್ಲದೆಯೇ ಬಿಡಿಸಬಹುದಾದ ಇಂಥ ಲೆಕ್ಕವೊಂದು ಪ್ರತಿಯೊಂದು ಅಭ್ಯಾಸಪತ್ರದಲ್ಲಿಯೂ ಇರಬೇಕು. ಎರಡು ದಾರಿಗಳಿಂದ ಹೋಗಿ ಒಂದೇ ಊರನ್ನು ಸೇರಿದವನಿಗೆ ಅಧ್ಯಾಪಕನ ಕೆಂಪು ಗುರುತು ಬೇಕಾಗದು.

ಕಿರಿಯ: ನನಗೆ ಹೆಚ್ಚು ಸಂದೇಹವಾಗಿರುವುದು ಇನ್ನೊಂದು ಹಾಳೆಯ ವಿಷಯದಲ್ಲಿ. ಇಲ್ಲಿ ನೋಡಿ. ಉತ್ತರ 15/8, ಸರಿಯಾಗಿದೆ. ಆದರೆ ನಡುವಣ ಸಾಲಿನಲ್ಲಿ ½∫₀¹ u³ du ಎಂದು ಬರೆದಿದ್ದಾನೆ, ಮಿತಿಗಳನ್ನು ಬದಲಿಸಿಲ್ಲ. ಆಮೇಲೆ u⁴/8 ಎಂದು ಬರೆದು, u ಇದ್ದ ಕಡೆ x² + 1 ಇಟ್ಟು, 0 ಮತ್ತು 1 ಎಂಬ ಹಳೆಯ ಮಿತಿಗಳನ್ನೇ ಹಚ್ಚಿ, (16 − 1)/8 ಎಂದು ಮುಗಿಸಿದ್ದಾನೆ. ಪೂರ್ಣಾಂಕ ಕೊಡಬಹುದೆ?

ಹಿರಿಯರು: ಆ ಹುಡುಗನ ಮನಸ್ಸಿನಲ್ಲಿದ್ದ ದಾರಿ ಸರಿಯಾದುದೇ. ಆದೇಶದಿಂದ ಅನಿಶ್ಚಿತ ಅನುಕಲವನ್ನು ಕಂಡುಹಿಡಿದು, ಹಳೆಯ ಚರಕ್ಕೆ ಮರಳಿ, ಹಳೆಯ ಮಿತಿಗಳನ್ನು ಹಚ್ಚುವುದು ಎರಡನೆಯ ಕ್ರಮ. ಅದರಲ್ಲಿ ಮಿತಿಗಳು ಬದಲಾಗಬೇಕಾದುದೇ ಇಲ್ಲ. ಆದರೆ ಅವನು ಬರೆದಿರುವುದು ಆ ಕ್ರಮವನ್ನಲ್ಲ. ½∫₀¹ u³ du ಎಂಬ ಸಾಲಿನ ಬೆಲೆ 1/8. ಅದರ ಮುಂದೆ ಸಮಚಿಹ್ನೆಯನ್ನಿಟ್ಟು 15/8 ಎಂದು ಬರೆದರೆ, 1/8 ಮತ್ತು 15/8 ಸಮವೆಂದು ಸಾಧಿಸಿದಂತಾಯಿತು. ಸಮಚಿಹ್ನೆಯು ‘ಮುಂದೆ ಏನು ಮಾಡಿದೆನೆಂದರೆ’ ಎಂಬ ಅರ್ಥದ ಗುರುತಲ್ಲ. ಎಡಬಲಗಳು ಒಂದೇ ಎಂಬ ಪ್ರತಿಜ್ಞೆ ಅದು.

ಕಿರಿಯ: ಹಾಗಾದರೆ ಅವನು ಹೇಗೆ ಬರೆಯಬೇಕಾಗಿತ್ತು?

ಹಿರಿಯರು: ಒಂದೋ, ಮಿತಿಗಳಿಲ್ಲದೆ ಬದಿಯಲ್ಲಿ ಅನಿಶ್ಚಿತ ಅನುಕಲವನ್ನು ಮಾಡಿಕೊಂಡು, (x²+1)⁴/8 ಎಂಬುದನ್ನು ಪಡೆದ ಮೇಲೆ ಮುಖ್ಯ ಸಾಲಿಗೆ ಬರಬೇಕು. ಇಲ್ಲವೆ, ಮಿತಿಗಳ ಬಳಿಯಲ್ಲಿ ಚರದ ಹೆಸರನ್ನೂ ಬರೆಯಬೇಕು: ಕೆಳಗೆ x = 0, ಮೇಲೆ x = 1. ಆಗ ಆ ಸಾಲು ಸುಳ್ಳಾಗದು. ‘x ಎಂಬುದು ಇಷ್ಟರಿಂದ ಇಷ್ಟರ ವರೆಗೆ ಸಾಗುವಾಗ’ ಎಂದು ಓದಿಕೊಳ್ಳಬಹುದು. ಬರಿಯ 0 ಮತ್ತು 1 ಎಂದು ಬರೆದಾಗ ಅವು ಯಾರ ಬೆಲೆಗಳೆಂಬುದು ಕಣ್ಣಿಗೆ ಕಾಣದು. ಮರೆಯುವುದಕ್ಕೆ ಮುಖ್ಯ ಕಾರಣವೇ ಅದು. ಆದುದರಿಂದ ಕಲಿಯುವ ಕಾಲದಲ್ಲಿ, ಕಡೆಯ ಪಕ್ಷ ಒಂದು ತಿಂಗಳ ಮಟ್ಟಿಗೆ, ಪ್ರತಿಯೊಂದು ಮಿತಿಯ ಪಕ್ಕದಲ್ಲಿಯೂ ಚರದ ಹೆಸರನ್ನು ಬರೆಯಿಸು. x = 0 ಎಂಬುದರ ಬಲಗಡೆ du ಎಂದು ಬರೆಯಲು ಹೊರಟ ಕೈ ತಾನಾಗಿಯೇ ತಡೆಯುತ್ತದೆ.

ಕಿರಿಯ: ಇದೇ ಕಟ್ಟಿನಲ್ಲಿ ನಾಲ್ಕನೆಯ ಲೆಕ್ಕವೊಂದಿದೆ: 0 ಯಿಂದ π/2 ರ ವರೆಗೆ cos²x sin x. ಇಲ್ಲಿ u = cos x. ಹಲವರ ಉತ್ತರ −1/3.

ಹಿರಿಯರು: ಉತ್ಪನ್ನವು ಆ ಅಂತರಾಳದಲ್ಲಿ ಎಲ್ಲಿಯೂ ಋಣವಲ್ಲ, ವಿಸ್ತೀರ್ಣವು ಋಣವಾಗುವುದು ಹೇಗೆ? ಅಷ್ಟನ್ನು ಕೇಳಿಕೊಂಡಿದ್ದರೆ ಅವರೇ ಹಿಂದಿರುಗಿ ನೋಡುತ್ತಿದ್ದರು. du = −sin x dx; x = 0 ಆದಾಗ u = 1, x = π/2 ಆದಾಗ u = 0. ಆದುದರಿಂದ ಅನುಕಲವು −∫₁⁰ u² du. ಕೆಳಗೆ 1, ಮೇಲೆ 0. ಇದನ್ನು ಕಂಡೊಡನೆ ಹುಡುಗರಿಗೆ ಅಳುಕಾಗುತ್ತದೆ. ಕೆಳಮಿತಿಯು ಚಿಕ್ಕದೇ ಆಗಿರಬೇಕೆಂದು ಬಗೆದು, ಯಾರ ಅಪ್ಪಣೆಯೂ ಇಲ್ಲದೆ ಎರಡನ್ನೂ ಅದಲುಬದಲು ಮಾಡುತ್ತಾರೆ. ಮುಂದಿನ ಋಣಚಿಹ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. x ಆರಂಭವಾದ ಕಡೆ u ಎಷ್ಟಿತ್ತೋ ಅದೇ ಕೆಳಮಿತಿ, ಕೊನೆಗೊಂಡ ಕಡೆ ಎಷ್ಟಿತ್ತೋ ಅದೇ ಮೇಲ್ಮಿತಿ. ಹಿರಿದು ಕಿರಿದು ಎಂಬುದಕ್ಕೆ ಅಲ್ಲಿ ಸ್ಥಾನವಿಲ್ಲ. u ಹಿಂದಕ್ಕೆ ನಡೆಯುತ್ತಿದೆಯೆಂಬುದನ್ನು ಮಿತಿಗಳು ಒಂದು ಸಲ ಹೇಳುತ್ತವೆ, ಅವಕಲಾಂಶದ ಋಣಚಿಹ್ನೆಯು ಇನ್ನೊಂದು ಸಲ ಹೇಳುತ್ತದೆ. ಎರಡೂ ಕೂಡಿದಾಗ ಬೆಲೆಯು 1/3 ಎಂದು ಧನವಾಗಿ ನಿಲ್ಲುತ್ತದೆ. ಒಂದರ ಮಾತನ್ನು ಮಾತ್ರ ಕೇಳಿದವನಿಗೆ −1/3 ದೊರೆಯುವುದು ಆಶ್ಚರ್ಯವಲ್ಲ.

ಕಿರಿಯ: ಹಾಗಿದ್ದರೆ ಮಿತಿಗಳನ್ನೂ ಅವಕಲಾಂಶವನ್ನೂ ಕೂಡಿಯೇ ಬದಲಿಸಿದವನಿಗೆ ಎಂದಿಗೂ ತಪ್ಪು ಬಾರದೆಂದು ಹೇಳಬಹುದೆ?

ಹಿರಿಯರು: ಹೇಳಲಾಗದು, ಒಂದು ಕಡೆ ಎಚ್ಚರ ಬೇಕು. −1 ರಿಂದ 2 ರ ವರೆಗೆ x² ಎಂಬುದನ್ನು ಅನುಕಲಿಸು. ನೇರವಾಗಿ ಮಾಡಿದರೆ (8 + 1)/3, ಎಂದರೆ 3. ಈಗ u = x² ಎಂದಿಡು. x = −1 ಆದಾಗ u = 1, x = 2 ಆದಾಗ u = 4. ಮಿತಿಗಳು ಬದಲಾದುವು. dx = du/(2x), x = √u; ಅವಕಲಾಂಶವೂ ಬದಲಾಯಿತು. ದೊರೆತುದು ½∫₁⁴ √u du, ಬೆಲೆಯನ್ನು ಕಂಡುಹಿಡಿ.

ಕಿರಿಯ: ½ × (2/3) × (8 − 1), ಅದು 7/3. ಮೂರಾಗಲಿಲ್ಲ! 2/3 ರಷ್ಟು ಕಡಮೆ ಬಂತು.

ಹಿರಿಯರು: ಆ 2/3 ಯಾವುದೆಂದು ಯೋಚಿಸು. −1 ರಿಂದ 1 ರ ವರೆಗೆ x² ಎಂಬುದರ ವಿಸ್ತೀರ್ಣವು ಸರಿಯಾಗಿ ಅಷ್ಟೇ. ಅದು ಪೂರ್ತಿಯಾಗಿ ಕಾಣೆಯಾಗಿದೆ. ಏಕೆಂದರೆ x ಎಂಬುದು −1 ರಿಂದ 2 ಕ್ಕೆ ಹೋಗುವಾಗ u ಎಂಬುದು 1 ರಿಂದ ನೇರವಾಗಿ 4 ಕ್ಕೆ ಏರುವುದಿಲ್ಲ. ಮೊದಲು 0 ಗೆ ಇಳಿದು, ಅಲ್ಲಿಂದ ತಿರುಗಿ 4 ಕ್ಕೆ ಏರುತ್ತದೆ. ಇಳಿಯುವಾಗ x ಋಣವಾಗಿದೆ; ಅಲ್ಲಿ x = −√u ಎಂದಿರಬೇಕು. ಧನಮೂಲವನ್ನೇ ಎಲ್ಲೆಡೆಯೂ ಇಟ್ಟುದರಿಂದ ಇಳಿದ ದಾರಿಯು ಏರಿದ ದಾರಿಯನ್ನು ಅಷ್ಟರ ಮಟ್ಟಿಗೆ ನುಂಗಿಹಾಕಿತು. ಅಂತರಾಳವನ್ನು ಸೊನ್ನೆಯಲ್ಲಿ ಒಡೆದು ಮಾಡು.

ಕಿರಿಯ: ಮೊದಲನೆಯ ಭಾಗದಲ್ಲಿ −½∫₁⁰ √u du, ಅದು 1/3. ಎರಡನೆಯ ಭಾಗದಲ್ಲಿ ½∫₀⁴ √u du, ಅದು 8/3. ಕೂಡಿಸಿದರೆ 3. ಸರಿಹೋಯಿತು. ಆದರೆ ಗುರುಗಳೇ, ನಮ್ಮ ಮೂರನೆಯ ಲೆಕ್ಕವನ್ನೇ −1 ರಿಂದ 2 ರ ವರೆಗೆ ಮಾಡಿದರೆ ಅಲ್ಲಿಯೂ u ತಿರುಗಿ ಬರುತ್ತದೆಯಲ್ಲವೆ? ಅದನ್ನೂ ಒಡೆಯಬೇಕೆ?

ಹಿರಿಯರು: ಬೇಕಾಗಿಲ್ಲ, ಭೇದವನ್ನು ಚೆನ್ನಾಗಿ ಗಮನಿಸು. ಅಲ್ಲಿ x dx ಎಂಬುದು ಅನುಕಲದೊಳಗೆ ಮೊದಲೇ ಸಿದ್ಧವಾಗಿದೆ. ಅದನ್ನು ಹಾಗೆಯೇ ಎತ್ತಿ ½ du ಎಂದು ಬರೆಯುತ್ತೇವೆ, x ಎಂಬುದನ್ನು u ಮೂಲಕ ಬಿಡಿಸಿ ಬರೆಯುವ ಪ್ರಸಂಗವೇ ಬರದು. ಹೊಸ ಚರದ ನಿಷ್ಪನ್ನವು ಅನುಕಲದಲ್ಲಿ ಗುಣಕವಾಗಿ ಇದ್ದು, ಅದು ನಿರಂತರವಾಗಿದ್ದು, ಉಳಿದ ಭಾಗವು u ಎಂಬುದರ ನಿರಂತರ ಉತ್ಪನ್ನವಾಗಿದ್ದರೆ, u ಎಷ್ಟು ಸಲ ತಿರುಗಿ ಬಂದರೂ ಬಾಧಕವಿಲ್ಲ; ಸರಪಳಿ ನಿಯಮವೇ ಅದಕ್ಕೆ ಆಧಾರ. u = 2 ರಿಂದ 5 ರ ವರೆಗೆ ಅನುಕಲಿಸಿದರೆ ದೊರೆಯುವುದು ನಾವು ಆಗಲೇ ಕಂಡ 609/8; −1 ರಿಂದ 1 ರ ವರೆಗಿನ ಪಾಲುಗಳು ಋಣಧನಗಳಾಗಿ ಪರಸ್ಪರ ಕಳೆದುಹೋಗುವುದರಿಂದ 1 ರಿಂದ 2 ರ ವರೆಗಿನ ಬೆಲೆಯೇ ಉಳಿಯುತ್ತದೆ. ತೊಡಕು ಹುಟ್ಟುವುದು, ಗುಣಕವು ಸಿದ್ಧವಾಗಿಲ್ಲದೆ ನಾವು x ಎಂಬುದನ್ನು u ಮೂಲಕ ಬಲವಂತವಾಗಿ ಬರೆಯಬೇಕಾಗಿ ಬಂದಾಗ. ಆಗ ಮಾತ್ರ ‘ಒಂದು u ಬೆಲೆಗೆ ಒಂದೇ x ಇದೆಯೆ?’ ಎಂದು ಕೇಳಿ, ಇಲ್ಲವಾದರೆ ತಿರುಗುವ ಬಿಂದುವಿನಲ್ಲಿ ಅಂತರಾಳವನ್ನು ಒಡೆಯಬೇಕು.

ಕಿರಿಯ: ಹಾಗಾದರೆ ಅಭ್ಯಾಸಪತ್ರವನ್ನು ಹೊಸದಾಗಿ ಹೀಗೆ ಜೋಡಿಸುತ್ತೇನೆ. ಮೊದಲು x(x²+1)³ ಎಂಬ ಲೆಕ್ಕ, ಎರಡು ರೇಖೆಗಳ ಚಿತ್ರದೊಡನೆ. ಅದರ ಬೆಲೆಯನ್ನು ವಿಸ್ತರಿಸಿಯೂ ಆದೇಶದಿಂದಲೂ ಕಂಡುಹಿಡಿಯಬೇಕು. ಎರಡನೆಯದು cos²x sin x, ಉತ್ತರದ ಚಿಹ್ನೆ ಏನಿರಬೇಕೆಂಬುದನ್ನು ಮುಂಚೆಯೇ ಬರೆದು ಬಿಡಿಸಬೇಕು. ಮೂರನೆಯದು −1 ರಿಂದ 2 ರ ವರೆಗಿನ x², 7/3 ಎಂಬ ತಪ್ಪುತ್ತರವನ್ನು ನಾನೇ ಕೊಟ್ಟು, ಉಳಿದ 2/3 ಎಲ್ಲಿಗೆ ಹೋಯಿತೆಂದು ಕೇಳುತ್ತೇನೆ. ಪ್ರತಿ ಲೆಕ್ಕದ ಕೆಳಗೂ ಮೂರು ಸಾಲುಗಳ ಜಾಗ: ಅವಕಲಾಂಶ, ಕೆಳಮಿತಿ, ಮೇಲ್ಮಿತಿ. ಈ ಮೂರೂ ತುಂಬಿದ ಬಳಿಕವೇ ಅನುಕಲದ ಸಾಲನ್ನು ಬರೆಯಬೇಕು. ಅಂಕಗಳನ್ನು ಹೇಗೆ ಹಂಚಲಿ? ಅವಕಲಾಂಶಕ್ಕೆ ಒಂದು, ಮಿತಿಗಳಿಗೆ ಒಂದು, ಉಳಿದುದಕ್ಕೆ ಒಂದು ಎಂದರೆ ಸರಿಯೆ?

ಹಿರಿಯರು: ಅವಕಲಾಂಶಕ್ಕೂ ಮಿತಿಗಳಿಗೂ ಬೇರೆಬೇರೆಯಾಗಿ ಕೊಡಬೇಡ, ಎರಡಕ್ಕೂ ಕೂಡಿ ಒಂದೇ ಅಂಕವಿರಲಿ.

ಕಿರಿಯ: ಅದು ಕಠೋರವಾಗದೆ? ಅರ್ಧ ಸರಿಯಾಗಿ ಮಾಡಿದವನಿಗೆ ಏನೂ ದೊರೆಯದೆ ಹೋಗುವುದಲ್ಲ.

ಹಿರಿಯರು: ವಾರ್ಷಿಕ ಪರೀಕ್ಷೆಯಲ್ಲಿ ಅರ್ಧಕ್ಕೆ ಅರ್ಧ ಕೊಡುವುದು ಧರ್ಮ, ಇದು ಅಭ್ಯಾಸ, ಇಲ್ಲಿ ಅಂಕವೆಂಬುದು ವಿಷಯದ ಸ್ವರೂಪವನ್ನು ಹೇಳುವ ಒಂದು ಭಾಷೆ. ಬೇರೆಬೇರೆ ಅಂಕ ಕೊಟ್ಟರೆ ಇವು ಬೇರೆಬೇರೆ ಕೆಲಸಗಳೆಂದು ನಾವೇ ಕಲಿಸಿದಂತಾಗುತ್ತದೆ; ಒಂದನ್ನು ಮರೆತರೂ ಇನ್ನೊಂದರ ಫಲ ಕೈಗೆ ಬರುವುದೆಂದು ಅವರು ತಿಳಿಯುತ್ತಾರೆ. ಆದರೆ ಮಿತಿಗಳು ಮಾತ್ರ ಬದಲಾದ ಅನುಕಲವು ಅರ್ಧ ಸರಿಯಾದ ಅನುಕಲವಲ್ಲ. ಅದು ಬೇರೆಯೇ ಒಂದು ಅನುಕಲ. ಅಂಕವನ್ನು ಕಳೆದುಕೊಂಡವನ ಹಾಳೆಯ ಅಂಚಿನಲ್ಲಿ, ಬದಲಾಗದೆ ಉಳಿದುದು ಮಿತಿಯೋ ಅವಕಲಾಂಶವೋ ಎಂಬುದನ್ನು ಬರೆ. ಜೊತೆಗೆ, ಅವನು ಬರೆದ ಸಾಲು ನಿಜವಾಗಿ ಯಾವ ಪ್ರಶ್ನೆಗೆ ಉತ್ತರವೆಂಬುದನ್ನೂ ಅವನಿಂದಲೇ ಬರೆಯಿಸು. ಅಷ್ಟನ್ನು ಸರಿಯಾಗಿ ಬರೆದು ತಂದವನಿಗೆ ಆ ಒಂದು ಅಂಕವನ್ನು ಹಿಂದಕ್ಕೆ ಕೊಟ್ಟುಬಿಡು.